ಶಾಲಾ ಭಾಷಣದ ಮೊದಲ ವಾಕ್ಯ



ಆಗಸ್ಟ್ ತಿಂಗಳ ಎರಡನೇ ವಾರ ಬಂತೆಂದರೆ ಕನ್ನಡ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ವಾಕ್ಯದ ಅಭ್ಯಾಸ ನಡೆಯುತ್ತದೆ. ಕನ್ನಡಿಯ ಮುಂದೆ ನಿಂತು ಒಂದು ಮಗು ಕೈಕಟ್ಟಿಕೊಂಡು ಹೇಳುತ್ತದೆ. ಅಡುಗೆಮನೆಯಿಂದ ತಾಯಿ ತಿದ್ದುತ್ತಾಳೆ. ಜನವರಿ ಮೂರನೇ ವಾರದಲ್ಲಿ ಹಬ್ಬದ ಹೆಸರೊಂದು ಬದಲಾಗಿ ಅದೇ ವಾಕ್ಯ ಮತ್ತೆ ಕೇಳಿಸುತ್ತದೆ. ಆ ವಾಕ್ಯ ಹೆಚ್ಚು ಕಡಿಮೆ ಹೀಗಿರುತ್ತದೆ:

"ಮುಗಿಲೆತ್ತರಕ್ಕೆ ಹಾರಾಡುತ್ತಿರುವ ತ್ರಿವರ್ಣ ಧ್ವಜಕ್ಕೆ ವಂದಿಸುತ್ತಾ, ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಪೂಜ್ಯ ಮುಖ್ಯೋಪಾಧ್ಯಾಯರೇ, ಗುರುವೃಂದದವರೇ, ಪೋಷಕರೇ ಮತ್ತು ನನ್ನ ನೆಚ್ಚಿನ ಸಹಪಾಠಿಗಳೇ, ನಿಮ್ಮೆಲ್ಲರಿಗೂ ಸ್ವಾತಂತ್ರ್ಯ ದಿನಾಚರಣೆಯ ಹಾರ್ದಿಕ ಶುಭಾಶಯಗಳು."

ಕೇಳುವವರಿಗೆ ಇದು ಬರೀ ಪೀಠಿಕೆ. ಹೇಳುವ ಮಗುವಿಗೆ ಮಾತ್ರ ಇಡೀ ಭಾಷಣದ ಅತ್ಯಂತ ಕಠಿಣವಾದ ಭಾಗ ಇದೇ. ಗಾಂಧೀಜಿಯವರ ವಿಷಯ ಮರೆತರೆ ನೆಹರೂ ಅವರ ವಿಷಯಕ್ಕೆ ಜಿಗಿಯಬಹುದು. ಈ ವಾಕ್ಯದ ನಡುವೆ ನೆನಪು ಕೈಕೊಟ್ಟರೆ ಜಿಗಿಯಲು ಮತ್ತೊಂದು ಕಲ್ಲಿಲ್ಲ. "ಗುರುವೃಂದ..." ಎಂದು ನಿಂತು, ಚಪ್ಪಾಳೆಯ ನಡುವೆ ಕೆಳಗಿಳಿದು ಹೋದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಅಂಥ ಮಗು ಮರುವರ್ಷ ಹೆಸರು ಕೊಡುವುದಿಲ್ಲ. ಆದ್ದರಿಂದ ಈ ವಾಕ್ಯ ಹೇಗೆ ಕಟ್ಟಿಕೊಂಡಿದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಉಪಯುಕ್ತ.

ಈ ವಾಕ್ಯ ಎರಡು ವಿಭಕ್ತಿಗಳ ಮೇಲೆ ನಿಂತಿದೆ. ಮೊದಲಿಗೆ "ಧ್ವಜಕ್ಕೆ" ಎಂಬ ಚತುರ್ಥಿ, ನಡುವೆ "ಅಧ್ಯಕ್ಷರೇ, ಗುರುಗಳೇ" ಎಂಬ ಸಂಬೋಧನೆಯ ಸಾಲು, ಕೊನೆಗೆ "ಎಲ್ಲರಿಗೂ" ಎಂದು ಮತ್ತೆ ಚತುರ್ಥಿ. ಧ್ವಜವನ್ನು ಯಾವ ಮಗುವೂ "ಧ್ವಜವೇ" ಎಂದು ಕರೆಯುವುದಿಲ್ಲ. ಕವಿಗಳು ಕರೆಯಬಹುದು, ಸಭೆಯಲ್ಲಿ ಹಾಗೆ ಕರೆಯುವ ರೂಢಿಯಿಲ್ಲ. ಕರೆಯುವುದು ಕೇಳಿಸಿಕೊಳ್ಳಬಲ್ಲವರನ್ನು, ಧ್ವಜಕ್ಕೆ ಸಲ್ಲುವುದು ವಂದನೆ. ಯಾವುದನ್ನಾದರೂ ಸಲ್ಲಿಸುವಾಗ ಪಡೆಯುವವರಿಗೆ ಬರುವ ವಿಭಕ್ತಿ ಚತುರ್ಥಿ. ದೇವರಿಗೆ ನಮಸ್ಕಾರ, ಧ್ವಜಕ್ಕೆ ವಂದನೆ, ನಿಮಗೆ ಶುಭಾಶಯ ಎಲ್ಲವೂ ಒಂದೇ ಅಚ್ಚಿನವು. ಯಾರೂ ಹೇಳಿಕೊಡದಿದ್ದರೂ ಮಕ್ಕಳು ಈ ಭೇದವನ್ನು ತಪ್ಪುವುದಿಲ್ಲ.

ಇನ್ನು ಸಂಬೋಧನೆ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಪ್ರಥಮಾ ಮೊದಲ್ಗೊಂಡು ಸಪ್ತಮಿಯವರೆಗೆ ಏಳು ವಿಭಕ್ತಿಗಳನ್ನು ಹೇಳಿ, ಕಡೆಯಲ್ಲಿ ಸಂಬೋಧನೆಯನ್ನು ಬೇರೆಯಾಗಿ ಇಡುವುದು ವಾಡಿಕೆ. ಪಾಣಿನಿಯಂತೂ ಸಂಸ್ಕೃತದಲ್ಲಿ ಸಂಬೋಧನೆಯನ್ನು ಪ್ರಥಮಾ ವಿಭಕ್ತಿಯ ಒಳಗೇ ಸೇರಿಸಿದ. ಹೀಗೆ ಬೇರೆ ಕೂರಿಸುವುದಕ್ಕೆ ಕಾರಣವಿದೆ. ಉಳಿದ ವಿಭಕ್ತಿಗಳು ಬಹುಮಟ್ಟಿಗೆ ಕ್ರಿಯೆಗೆ ಸಂಬಂಧ ಹೇಳುತ್ತವೆ: ಯಾರು ಮಾಡಿದರು, ಏನನ್ನು, ಯಾವುದರಿಂದ, ಯಾರಿಗೆ, ಎಲ್ಲಿ. ಸಂಬೋಧನೆಗೆ ಕ್ರಿಯೆಯ ಜೊತೆ ಸಂಬಂಧವಿಲ್ಲ. "ಗುರುಗಳೇ" ಎಂದಾಗ ಗುರುಗಳು ಏನನ್ನೂ ಮಾಡುವುದಿಲ್ಲ, ಅವರಿಗೆ ಏನೂ ಆಗುವುದಿಲ್ಲ. ಬಾಗಿಲು ತಟ್ಟಿದಂತೆ ಅಷ್ಟೆ. ಹತ್ತು ಬಾಗಿಲು ತಟ್ಟಿದರೂ ಹೇಳಬೇಕಾದ ಮಾತು ಇನ್ನೂ ಶುರುವಾಗಿರುವುದಿಲ್ಲ.

ಮಕ್ಕಳ ತೊಡಕಿನ ಮೂಲ ಇಲ್ಲಿದೆ. ಕಥೆ ಹೇಳುವಾಗ ಒಂದು ಮಾತು ಇನ್ನೊಂದನ್ನು ಎಳೆದು ತರುತ್ತದೆ. ಸಂಬೋಧನೆಯ ಸಾಲಿನಲ್ಲಿ "ಅತಿಥಿಗಳೇ" ಎಂಬುದು "ಗುರುಗಳೇ" ಎಂಬುದನ್ನು ಎಳೆದು ತರುವುದಿಲ್ಲ. ಎಲ್ಲಕ್ಕೂ ಒಂದೇ ಬಾಲ, ಒಂದೇ ರಾಗ. ದಾರ ಕಿತ್ತ ಮಣಿಗಳಂತೆ ಒಂದು ಜಾರಿದರೆ ಯಾವುದು ಜಾರಿತೆಂದು ತಿಳಿಯದು. ಕೆಲವು ಮಕ್ಕಳು "ಸಹಪಾಠಿಗಳೇ" ಎಂದು ಪೂರ್ಣವಿರಾಮ ಕೊಟ್ಟು ನಿಂತುಬಿಡುತ್ತಾರೆ. ಕರೆದದ್ದಾಯಿತು, ಹೇಳಿದ್ದೇನೂ ಇಲ್ಲ. ಕರೆದ ಮೇಲೆ ಕ್ರಿಯಾಪದವೊಂದು ಬಂದಾಗಲೇ ವಾಕ್ಯ ಮುಗಿಯುವುದು.

ಆ ಕ್ರಿಯಾಪದದ ಪ್ರಶ್ನೆಯೇ ಮೇಲಿನ ಮಾದರಿ ವಾಕ್ಯದ ಒಳಗಾಯ. "ಧ್ವಜಕ್ಕೆ ವಂದಿಸುತ್ತಾ" ಎಂಬುದು ಅಪೂರ್ಣ ಕ್ರಿಯೆ. "ಹಾಡುತ್ತಾ ಬಂದಳು" ಎಂದರೆ ಹಾಡಿದವಳೂ ಬಂದವಳೂ ಒಬ್ಬಳೇ. ಹಾಗೆಯೇ "ವಂದಿಸುತ್ತಾ" ಎಂದು ಶುರು ಮಾಡಿದ ಮಗು ಕೊನೆಗೆ ತಾನು ಮಾಡುವ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಮಾದರಿ ವಾಕ್ಯ ಮುಗಿಯುವುದು "ಶುಭಾಶಯಗಳು" ಎಂಬ ನಾಮಪದದಲ್ಲಿ. ಹೀಗಾಗಿ ವಂದಿಸಿದವರು ಯಾರೆಂಬುದು ವಾಕ್ಯದಲ್ಲಿ ಇಲ್ಲವೇ ಇಲ್ಲ. ಕಿವಿಗೆ ಇದು ಅಷ್ಟಾಗಿ ತಟ್ಟದಿರುವುದು ನಡುವೆ ಬರುವ ಹೆಸರುಗಳ ಗದ್ದಲದಿಂದ. ತಿದ್ದುವುದು ಸುಲಭ: "ಶುಭಾಶಯ ಕೋರುತ್ತೇನೆ" ಎಂದು ಮುಗಿಸಬೇಕು, ಇಲ್ಲವೇ ಧ್ವಜದ ಮಾತನ್ನು ಬೇರೆ ವಾಕ್ಯ ಮಾಡಿ ಅಲ್ಲಿಗೇ ನಿಲ್ಲಿಸಬೇಕು. ಎರಡನೆಯದು ಮಗುವಿಗೆ ಹೆಚ್ಚು ಅನುಕೂಲ. ಒಂದು ಚಿಕ್ಕ ವಾಕ್ಯ ತಡವರಿಸದೆ ಮುಗಿದರೆ ಎದೆಬಡಿತ ಅರ್ಧಕ್ಕೆ ಇಳಿಯುತ್ತದೆ.

ಧ್ವಜಕ್ಕೆ ಮೊದಲ ವಂದನೆ ಏಕೆ? ಕಾರ್ಯಕ್ರಮದ ಕ್ರಮವನ್ನೇ ಆ ವಾಕ್ಯ ಅನುಸರಿಸುತ್ತದೆ ಎಂಬುದು ಸರಳ ಉತ್ತರ. ಧ್ವಜಾರೋಹಣ, ರಾಷ್ಟ್ರಗೀತೆ ಮುಗಿದ ಮೇಲೆಯೇ ಭಾಷಣಗಳು. ಆದರೆ ಕನ್ನಡ ನಾಡಿನಲ್ಲಿ ಈ ಮೂರು ಪದಗಳ ಹಿಂದೆ ಇನ್ನೊಂದು ಕಥೆಯಿದೆ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ಅಧಿವೇಶನ ಸೇರಿ, ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಏರಿಸಿದರು. ಟಿ. ಸಿದ್ದಲಿಂಗಯ್ಯ ಮೊದಲಾದವರ ಬಂಧನವಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿ ಹಲವರು ಸತ್ತರು. ಆ ಬಳಿಕ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ಸಿಕ್ಕಿತು. ಅಂದಿನ ಬಾವುಟದ ನಡುವೆ ಇದ್ದದ್ದು ಚರಕ. ಚಕ್ರ ಬಂದದ್ದು ಆಮೇಲೆ. ಸ್ವಾತಂತ್ರ್ಯಕ್ಕೆ ಒಂಬತ್ತು ವರ್ಷ ಮೊದಲು, ಇದೇ ನೆಲದಲ್ಲಿ "ಧ್ವಜಕ್ಕೆ ವಂದನೆ" ಎನ್ನುವುದು ಬಂಧನಕ್ಕೆ ಕಾರಣವಾಗಬಲ್ಲ ಮಾತಾಗಿತ್ತು. ಇಂದು ಹತ್ತು ವರ್ಷದ ಮಗು ಅದನ್ನು ಗಟ್ಟಿಯಾಗಿ ಹೇಳಿ ಬಹುಮಾನ ಪಡೆಯುತ್ತದೆ.

ಈಗಿನ ಧ್ವಜವನ್ನು ಸಂವಿಧಾನ ಸಭೆ ಒಪ್ಪಿಕೊಂಡದ್ದು 1947ರ ಜುಲೈ 22ರಂದು. ನಿರ್ಣಯ ಮಂಡಿಸಿದವರು ಜವಾಹರಲಾಲ್ ನೆಹರೂ. ಅಂದು ಅವರು ರೇಷ್ಮೆಯದೊಂದು, ಖಾದಿಯದೊಂದು ಹೀಗೆ ಎರಡು ಧ್ವಜಗಳನ್ನು ಸಭೆಯ ಮುಂದಿಟ್ಟರು. ಮಾತು ಶುರು ಮಾಡಿದ್ದು ಅಧ್ಯಕ್ಷ ಪೀಠದಲ್ಲಿದ್ದ ರಾಜೇಂದ್ರ ಪ್ರಸಾದರನ್ನು ಸಂಬೋಧಿಸಿ. ಶಾಲಾ ಭಾಷಣದ ಎರಡನೆಯ ಹೆಜ್ಜೆಯ ಗುಟ್ಟು ಇದರಲ್ಲಿದೆ. ಧ್ವಜದ ನಂತರ ಮೊದಲು "ಅಧ್ಯಕ್ಷರೇ" ಎಂದು ಕರೆಯುವುದು ಅವರು ಊರಿಗೆ ದೊಡ್ಡವರೆಂಬ ಕಾರಣಕ್ಕಲ್ಲ. ಸಭೆಯಲ್ಲಿ ಮಾತನಾಡುವ ಅಪ್ಪಣೆ ಅಧ್ಯಕ್ಷ ಪೀಠದಿಂದ ಬರುತ್ತದೆ; ಆಡುವ ಮಾತೆಲ್ಲ ಪೀಠದ ಮೂಲಕವೇ ಸಭೆಗೆ ತಲುಪಬೇಕು. ಶಾಸನ ಸಭೆಗಳ ಈ ನಿಯಮ ಇಳಿದು ಇಳಿದು ಶಾಲೆಯ ಅಂಗಳಕ್ಕೆ ಬಂದಿದೆ. ಅಧ್ಯಕ್ಷತೆ ವಹಿಸಿದವರು ಶಾಲಾಭಿವೃದ್ಧಿ ಸಮಿತಿಯ ಕೂಲಿಕಾರ ತಂದೆಯೇ ಆಗಿರಲಿ, ಪಕ್ಕದಲ್ಲಿ ದೊಡ್ಡ ಅಧಿಕಾರಿಯೇ ಅತಿಥಿಯಾಗಿ ಕುಳಿತಿರಲಿ, ಮೊದಲ ಕರೆ ಅಧ್ಯಕ್ಷರಿಗೇ ಸಲ್ಲಬೇಕು. ಇದನ್ನು ತಿರುಗುಮುರುಗು ಮಾಡಿ ಅತಿಥಿಯನ್ನು ಮೊದಲು ಕರೆಯುವುದು ವಿನಯದಂತೆ ಕಂಡರೂ ಸಭಾ ಮರ್ಯಾದೆಗೆ ಹೊಂದುವುದಿಲ್ಲ.

ಹೆಸರಿನ ಮುಂದಿನ ವಿಶೇಷಣಗಳಲ್ಲೂ ಒಂದು ಬದಲಾವಣೆ ಅಡಗಿದೆ. ಬ್ರಿಟಿಷರ ಕಾಲದಲ್ಲಿ ವೇದಿಕೆಯ ಮೇಲೆ ರಾವ್ ಬಹದ್ದೂರರೂ ದಿವಾನ್ ಬಹದ್ದೂರರೂ ಇರುತ್ತಿದ್ದರು. ಆ ಬಿರುದನ್ನು ಬಿಟ್ಟು ಕರೆದರೆ ಅಗೌರವ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 18ನೇ ವಿಧಿ, ಸೈನಿಕ ಮತ್ತು ವಿದ್ಯಾ ಸಂಬಂಧಿ ಗೌರವಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡಬಾರದೆಂದು ಹೇಳಿತು. ಉಳಿದದ್ದು ಎಲ್ಲರಿಗೂ ಸಲ್ಲಬಹುದಾದ "ಶ್ರೀ", "ಮಾನ್ಯ", "ಗೌರವಾನ್ವಿತ". ಇವು ಹುಟ್ಟಿನಿಂದಲೋ ದೊರೆಯಿಂದಲೋ ಬಂದವಲ್ಲ. ಕರೆಯುವವರ ಸೌಜನ್ಯದಿಂದ ಬಂದವು. ಆದ್ದರಿಂದ ಒಂದೇ ವ್ಯಕ್ತಿಗೆ ಮೂರು ವಿಶೇಷಣ ಹೇರುವ ಅಗತ್ಯವಿಲ್ಲ. ಒಂದು ಸಾಕು.

ಈಗ ಎಣಿಕೆ. "ಎಪ್ಪತ್ತೈದನೆಯ", "ಎಪ್ಪತ್ತಾರನೆಯ" ಎಂದು ಸಂಖ್ಯೆ ಸೇರಿಸುವುದು ಮಕ್ಕಳಿಗೆ ಇಷ್ಟ. ತಪ್ಪುವುದೂ ಇಲ್ಲಿಯೇ. ಒಂದೇ ಸಭೆಯಲ್ಲಿ ಇಬ್ಬರು ಮಕ್ಕಳು ಎರಡು ಸಂಖ್ಯೆ ಹೇಳಿ, ಕೊನೆಗೆ ಅತಿಥಿಗಳು ಮೂರನೆಯದನ್ನು ಹೇಳುವುದುಂಟು. ಗೊಂದಲಕ್ಕೆ ಕಾರಣ ಎರಡು ಬೇರೆ ಎಣಿಕೆಗಳು ಬೆರೆತುಹೋಗಿರುವುದು. 1947ರ ಆಗಸ್ಟ್ 15 ಮೊದಲನೆಯ ಸ್ವಾತಂತ್ರ್ಯ ದಿನ; ಆದರೆ ಅಂದು ಸ್ವಾತಂತ್ರ್ಯಕ್ಕೆ ತುಂಬಿದ ವರ್ಷ ಸೊನ್ನೆ. ಮಗು ಹುಟ್ಟಿದ ದಿನವನ್ನೂ ಲೆಕ್ಕಕ್ಕೆ ಹಿಡಿದರೆ ಮೊದಲ ವರ್ಷ ತುಂಬಿದ ದಿನ ಎರಡನೆಯದಾಗುತ್ತದಲ್ಲ, ಹಾಗೆ. 1997ರಲ್ಲಿ ಸುವರ್ಣ ಮಹೋತ್ಸವ ನಡೆದಾಗ ತುಂಬಿದ್ದು 50 ವರ್ಷ, ಆದರೆ ಅದು 51ನೆಯ ಸ್ವಾತಂತ್ರ್ಯ ದಿನ. 2022ರಲ್ಲಿ ತುಂಬಿದ್ದು 75 ವರ್ಷ, ದಿನ ಮಾತ್ರ 76ನೆಯದು. ಅಮೃತ ಮಹೋತ್ಸವದ ಕಾರ್ಯಕ್ರಮಗಳು 2021ರ ಮಾರ್ಚಿನಲ್ಲೇ ಆರಂಭವಾಗಿದ್ದರಿಂದ ಈ ಗೊಂದಲ ಇನ್ನಷ್ಟು ಹೆಚ್ಚಿತು.

ಲೆಕ್ಕ ಸುಲಭ. ಇಸವಿಯಿಂದ 1946 ಕಳೆದರೆ ಎಷ್ಟನೆಯ ಸ್ವಾತಂತ್ರ್ಯ ದಿನವೆಂಬುದು ಸಿಗುತ್ತದೆ. 1947 ಕಳೆದರೆ ತುಂಬಿದ ವರ್ಷಗಳು ಸಿಗುತ್ತವೆ. ಗಣರಾಜ್ಯೋತ್ಸವಕ್ಕೆ 1949 ಕಳೆಯಬೇಕು, ಏಕೆಂದರೆ ಮೊದಲನೆಯದು 1950ರಲ್ಲಿ. 2025ರ ಜನವರಿಯಲ್ಲಿ ನಡೆದದ್ದು ಹೀಗೆ 76ನೆಯ ಗಣರಾಜ್ಯೋತ್ಸವ. ಉತ್ತರ ಸರಿಯೇ ಎಂದು ನೋಡಲು ಮೊದಲ ವರ್ಷವನ್ನೇ ಹಾಕಿ ಕಳೆಯಬೇಕು. ಒಂದು ಬಂದರೆ ಸರಿ. ಅಷ್ಟಕ್ಕೂ ಅನುಮಾನವಿದ್ದರೆ ಸಂಖ್ಯೆಯನ್ನು ಬಿಟ್ಟುಬಿಡುವುದೇ ಲೇಸು; ವಾಕ್ಯಕ್ಕೆ ಅದರಿಂದ ನಷ್ಟವಿಲ್ಲ.

ದಿನದ ಹೆಸರನ್ನು ಬರೆಯುವಾಗಲೂ ಒಂದು ಎಚ್ಚರ ಬೇಕು. "ಸ್ವತಂತ್ರ" ಎಂಬುದು ಗುಣವಾಚಕ, ಯಾರ ಹಂಗೂ ಇಲ್ಲದ ಎಂದರ್ಥ. ಆ ಸ್ಥಿತಿಯ ಹೆಸರು "ಸ್ವಾತಂತ್ರ್ಯ". ಮೊದಲ ಅಕ್ಷರಕ್ಕೆ ದೀರ್ಘ, ಕೊನೆಯ ಅಕ್ಷರಕ್ಕೆ ಯಕಾರದ ಒತ್ತು, ಎರಡೂ ಬೇಕು. "ಸ್ವತಂತ್ರ ದಿನಾಚರಣೆ" ಎಂದು ಫಲಕದಲ್ಲಿ ಬರೆದರೆ ದಿನವೇ ಸ್ವತಂತ್ರವಾಯಿತೆಂಬ ಅರ್ಥ ಬಂದೀತು. ಹಾಗೆಯೇ "ಶುಭಾಶಯ" ಎಂಬುದು ಶುಭ ಮತ್ತು ಆಶಯ ಸೇರಿ ಆದದ್ದು. ಅಲ್ಲಿ "ಷ" ಬರುವುದಿಲ್ಲ.

ಇಷ್ಟನ್ನೂ ಇಟ್ಟುಕೊಂಡು ಒಂದು ಉದಾಹರಣೆಯನ್ನು ತಿದ್ದಬಹುದು. ಹಳ್ಳಿಯ ಸರ್ಕಾರಿ ಶಾಲೆಯ ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಮೇಷ್ಟ್ರು ಮೇಲಿನ ಮಾದರಿ ವಾಕ್ಯವನ್ನೇ ಬರೆದುಕೊಟ್ಟಿದ್ದಾರೆ ಎಂದು ಭಾವಿಸಬಹುದು. ಶಾಲೆಗೆ ಮೈಕು ಇಲ್ಲ. ಬೆಳಿಗ್ಗೆ ಮಳೆ ಬಂದು ನಿಂತಿದೆ. ಒದ್ದೆಯಾದ ಬಾವುಟ ಕಂಬಕ್ಕೆ ಅಂಟಿಕೊಂಡಿದೆ. "ಮುಗಿಲೆತ್ತರಕ್ಕೆ ಹಾರಾಡುತ್ತಿರುವ" ಎಂದು ಅವಳು ಹೇಳಿದ ಕೂಡಲೇ ಹಿಂದಿನ ಸಾಲಿನ ಹುಡುಗರು ಕಂಬದ ಕಡೆ ನೋಡಿ ನಗುತ್ತಾರೆ. ಆಗಸ್ಟ್ ತಿಂಗಳ ಮಲೆನಾಡಿನಲ್ಲಿ ಇದು ಅಪರೂಪವಲ್ಲ. ಕಾಣದ್ದನ್ನು ವರ್ಣಿಸುವ ಮಾತು ಬೇಡ.

"ವೇದಿಕೆಯ ಮೇಲೆ ಆಸೀನರಾಗಿರುವ" ಎಂಬುದೂ ತೊಡಕಿನದೇ. ಆ ವಿಶೇಷಣ ಮುಂದಿನ ಎಲ್ಲ ಹೆಸರುಗಳಿಗೂ ಅಂಟಿಕೊಳ್ಳುತ್ತದೆ. ಶಿಕ್ಷಕರು ಮಕ್ಕಳ ಸಾಲಿನ ಪಕ್ಕದಲ್ಲಿ ನಿಂತಿದ್ದಾರೆ, ಪೋಷಕರು ಗೇಟಿನ ಬಳಿ ಇದ್ದಾರೆ, ಸಹಪಾಠಿಗಳು ನೆಲದ ಮೇಲೆ ಕುಳಿತಿದ್ದಾರೆ. ವಾಕ್ಯ ಎಲ್ಲರನ್ನೂ ವೇದಿಕೆಗೆ ಹತ್ತಿಸಿಬಿಟ್ಟಿದೆ. ತೆಗೆದುಹಾಕಿದರೆ ಹದಿಮೂರು ಅಕ್ಷರಗಳ ಉಸಿರೂ ಉಳಿಯುತ್ತದೆ. ಇನ್ನು ಅವಳ ಶಾಲೆಯ ಮುಖ್ಯಸ್ಥರು ಮಹಿಳೆ. ಆದರೆ ಚೀಟಿಯಲ್ಲಿ "ಮುಖ್ಯೋಪಾಧ್ಯಾಯರೇ" ಎಂದಿದೆ. "ಮುಖ್ಯೋಪಾಧ್ಯಾಯಿನಿಯವರೇ" ಎಂದು ಹೇಳಲು ನಾಲಿಗೆ ತಿರುಗದಿದ್ದರೆ "ಗುರುಗಳೇ" ಎಂಬ ಒಂದೇ ಮಾತಿನಲ್ಲಿ ಅವರೂ ಉಳಿದ ಶಿಕ್ಷಕರೂ ಬರುತ್ತಾರೆ. "ಗುರುವೃಂದ" ಎಂಬ ಪದ ಬಾಯಿಗೆ ಬಾರದಿದ್ದರೂ ಚಿಂತೆಯಿಲ್ಲ.

ಅಭ್ಯಾಸದ ವೇಳೆ ಅವಳ ಅಜ್ಜಿ ಕೇಳುತ್ತಾಳೆ: "ಬಿಸಿಯೂಟ ಮಾಡೋ ಅಕ್ಕನ್ನ ಕರೆಯಲ್ವೇನವ್ವಾ?" ಚೀಟಿಯಲ್ಲಿ ಅವರಿಲ್ಲ. ಸಿಹಿ ಹಂಚುವ ಕೆಲಸಕ್ಕಾಗಿ ಬೆಳಗಿನಿಂದ ಶಾಲೆಯಲ್ಲಿರುವವರು ಅವರೇ. ಸಂಬೋಧನೆಯ ಸಾಲಿನ ನಿಜವಾದ ಪರೀಕ್ಷೆ ಇದು. ಹೆಸರು ಹಿಡಿದು ಕರೆಯುವ ಪಟ್ಟಿ ಉದ್ದವಾದಷ್ಟೂ ಬಿಟ್ಟುಹೋದವರಿಗೆ ತಾವು ಬಿಟ್ಟುಹೋದದ್ದು ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಪಟ್ಟಿಯನ್ನು ಹುದ್ದೆಯ ಕ್ರಮದಲ್ಲಿ ಮಾಡಿದರೆ ಕೆಳಗಿನವರು ಜಾರಿಹೋಗುತ್ತಾರೆ. ಅದರ ಬದಲು ಜಾಗದ ಕ್ರಮದಲ್ಲಿ ಮಾಡಿದರೆ ಎದುರಿಗೆ ಇರುವ ಯಾರೂ ಜಾರಿಹೋಗುವುದಿಲ್ಲ. ಧ್ವಜದ ಕಂಬ, ವೇದಿಕೆ, ಪಕ್ಕದಲ್ಲಿ ನಿಂತ ಗುರುಗಳು, ಗೇಟಿನ ಬಳಿಯ ಊರಿನವರು, ಅಡುಗೆಕೋಣೆಯ ಬಾಗಿಲು, ಕಡೆಗೆ ಎದುರಿನ ನೆಲದ ಮೇಲಿನ ಗೆಳತಿಯರು: ಕಣ್ಣು ಹೀಗೆ ಒಂದು ಸುತ್ತು ಬಂದರೆ ನೆನಪಿಡುವ ಕೆಲಸವೇ ಇಲ್ಲ. ಎದುರಿಗೆ ಕಂಡವರನ್ನು ಕರೆಯುತ್ತಾ ಹೋದರಾಯಿತು. ಕಿತ್ತ ಮಣಿಗಳಿಗೆ ದಾರ ಸಿಕ್ಕಂತಾಯಿತು. ಅಧ್ಯಕ್ಷರು ವೇದಿಕೆಯ ಮೇಲಿರುವುದರಿಂದ ಸಭಾ ಮರ್ಯಾದೆಗೂ ಕುಂದಿಲ್ಲ.

ತಿದ್ದಿದ ಮೇಲೆ ಅವಳ ಮಾತು ಹೀಗಾಗುತ್ತದೆ:

"ತ್ರಿವರ್ಣ ಧ್ವಜಕ್ಕೆ ನನ್ನ ವಂದನೆ. ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ನನ್ನ ಗುರುಗಳೇ, ಊರಿನ ಹಿರಿಯರೇ, ನಮಗೆ ಅಡುಗೆ ಮಾಡಿ ಬಡಿಸುವ ಅಮ್ಮಂದಿರೇ, ಗೆಳೆಯ ಗೆಳತಿಯರೇ, ನಿಮ್ಮೆಲ್ಲರಿಗೂ ಸ್ವಾತಂತ್ರ್ಯ ದಿನದ ಶುಭಾಶಯ ಕೋರುತ್ತೇನೆ."

ಹೇಳುವ ಬಗೆಯಲ್ಲಿ ಇನ್ನೊಂದೇ ಮಾತು ಉಳಿದಿದೆ. ಹಳೆಯ ವೈಯಾಕರಣರು ಸ್ವರಗಳಲ್ಲಿ ಹ್ರಸ್ವ, ದೀರ್ಘಗಳ ಜೊತೆಗೆ ಪ್ಲುತ ಎಂಬ ಮೂರನೆಯದನ್ನು ಹೇಳುತ್ತಾರೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದಲ್ಲಿರುವವರನ್ನು ಕರೆಯುವಾಗ ಕೊನೆಯ ಸ್ವರ ಪ್ಲುತವಾಗುತ್ತದೆಂಬುದು ಪಾಣಿನಿ ಕಂಡ ನಿಯಮ. ಹೊಲದ ಬದುವಿನಲ್ಲಿ ನಿಂತು "ಅಣ್ಣಾ" ಎಂದು ಕೂಗುವವರಿಗೆ ಇದನ್ನು ಕಲಿಸಬೇಕಿಲ್ಲ. ಶಾಲೆಯ ಮಗು ಮಾತ್ರ ಹೆದರಿಕೆಯಿಂದ "ಅಧ್ಯಕ್ಷರೆ ಅತಿಥಿಗಳೆ ಗುರುಗಳೆ" ಎಂದು ಕೊನೆಯ ಸ್ವರವನ್ನು ನುಂಗಿ ಓಡುತ್ತದೆ. ಉಸಿರು ನಡುವೆ ಸಾಲದೆ "ಅತಿಥಿ" ಮತ್ತು "ಗಳೇ" ನಡುವೆ ತುಂಡಾಗುತ್ತದೆ. ಪ್ರತಿ "ಏ" ಕಾರವನ್ನೂ ಮೂರು ಮಾತ್ರೆ ಎಳೆದು, ಅಲ್ಲಿಯೇ ಉಸಿರು ತೆಗೆದುಕೊಂಡರೆ ಮೈಕಿಲ್ಲದ ಅಂಗಳದಲ್ಲೂ ಮಾತು ಗೇಟಿನವರೆಗೆ ಮುಟ್ಟುತ್ತದೆ. ಆ ಎಳೆತದ ಹೊತ್ತಿನಲ್ಲಿ ಕಣ್ಣು ಮುಂದಿನವರ ಮೇಲೆ ಹೋಗುತ್ತದೆ, ಮುಂದಿನ ಹೆಸರು ಬಾಯಿಗೆ ಬರುತ್ತದೆ.

ಚೀಟಿ ಕೈಯಲ್ಲಿರಲಿ. ಅದನ್ನು ನೋಡಬೇಕಾದ ಪ್ರಸಂಗ ಬಾರದಿದ್ದರೆ ವಾಕ್ಯ ಸರಿಯಾಗಿ ಕಟ್ಟಿಕೊಂಡಿದೆ ಎಂದರ್ಥ. ಅಡುಗೆಕೋಣೆಯ ಬಾಗಿಲಲ್ಲಿ ನಿಂತವರು ತಮ್ಮನ್ನು ಕರೆದದ್ದು ಕೇಳಿ ಸೆರಗಿನಿಂದ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರೆ, ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಿದೆ ಎಂದೂ ತಿಳಿಯಬಹುದು.